ಮೇಲೆ ಬರುವ ವಿಡಿಯೊಗಳ ಟೈಟಲ್ ನೋಡಿ ನಮಗೆ ಜಾಗ ಎಲ್ಲಿದೆ ಅಂತ ಹುಡುಕೋದು ಹೇಗೆ? ಬ್ಲೌಸ್ ಹೊಲಿಗೆ ಚಾನೆಲ್

ಡೊಂಬಿವಲಿ ಟೈಲರಕ್ಕ

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರ ಡೊಂಬಿವಲಿ ಈಸ್ಟ್‌ನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಎರಡು ವರ್ಷದಿಂದ ಯೂಟ್ಯೂಬ್‌ಗೆ ಕನ್ನಡದಲ್ಲಿ ಬ್ಲೌಸ್ ಕಟಿಂಗ್ ವಿಡಿಯೊ ಹಾಕುತ್ತಿದ್ದೇನೆ, ಇಲ್ಲಿವರೆಗೆ 43 ಆಗಿವೆ. ನೋಡಿದವರು ಚೆನ್ನಾಗಿದೆ ಅಂತಾರೆ, ಆದರೆ ನೋಡುವವರೇ ಕಡಿಮೆ. ನನ್ನ ಟೈಟಲ್ ಎಲ್ಲ "ಹೊಸ ಬ್ಲೌಸ್ ವಿಡಿಯೊ ಭಾಗ 17" ಈ ಥರ ಇವೆ, ನಗಬೇಡಿ.

ಪರಿಚಯದವರೊಬ್ಬರು ಹೇಳಿದರು, ಹುಡುಕಿದಾಗ ಮೇಲೆ ಬರುವ ಚಾನೆಲ್‌ಗಳ ಟೈಟಲ್, ವಿವರಣೆ ಓದು, ಅವರು ಬಿಟ್ಟಿರುವ ಪದ ಹುಡುಕು, ಅದನ್ನ ನೀನು ಹಿಡಿ ಅಂತ. ಸರಿ ಅಂತ ನೋಟ್‌ಬುಕ್ ತಗೊಂಡು ಇಪ್ಪತ್ತು ಟೈಟಲ್ ಬರೆದುಕೊಂಡೆ. ಎಲ್ಲ ಒಂದೇ ಥರ ಕಾಣುತ್ತಿವೆ. ಯಾರೂ ಹಾಕದೇ ಇರುವುದು ಒಂದು ಸಿಕ್ಕಿತು, ಬೋಟ್ ನೆಕ್ ಬ್ಲೌಸ್‌ಗೆ ಹಿಂದೆ ಜಿಪ್ ಹಾಕುವುದು. ಅದನ್ನೇ ಮಾಡಲಾ? ಒಂದು ವಿಡಿಯೊಗೆ ನನಗೆ ಎರಡು ಸಂಜೆ ಹೋಗುತ್ತದೆ, ಅದಕ್ಕೆ ಮೊದಲೇ ಕೇಳುತ್ತಿದ್ದೇನೆ.

ಸಾಂತಾಕ್ರೂಜ್ ಶೆಟ್ರು

ಅಕ್ಕಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮೇಲಿರುವ ವಿಡಿಯೊದ ಪೇಜ್ ಸೋರ್ಸ್ ತೆಗೆದರೆ ಅವರ ಟ್ಯಾಗ್ ಎಲ್ಲ ಕಾಣುತ್ತದೆ. ಕಾಪಿ ಮಾಡಿ ನಿಮ್ಮ ಟ್ಯಾಗ್‌ನಲ್ಲಿ ಹಾಕಿ, ಉಳಿದದ್ದನ್ನ ವಿವರಣೆಯ ಕೊನೆಗೆ ಸುರಿಯಿರಿ. ಟೈಟಲ್‌ನಲ್ಲಿ ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡೂ ಇರಲಿ. ನಮ್ಮ ಹೋಟೆಲ್ ಅಡುಗೆ ಚಾನೆಲ್‌ಗೆ ನಾವು ಮಾಡಿದ್ದು ಇಷ್ಟೇ.

ಪುಣೆ ಪುಟ್ಟಣ್ಣ

ಶೆಟ್ರೇ, ಎರಡು ಲಿಪಿ ವಿಷಯ ಸರಿ, ಅದಕ್ಕೆ ಆಮೇಲೆ ಬರುತ್ತೇನೆ. ಟ್ಯಾಗ್ ವಿಷಯ ಹಳೇ ಕಾಲದ್ದು. ಟ್ಯಾಗ್‌ಗೆ ತುಂಬ ಸಣ್ಣ ಪಾತ್ರ, ಜನ ಸ್ಪೆಲಿಂಗ್ ತಪ್ಪಿ ಟೈಪ್ ಮಾಡುವ ಹೆಸರು ಇದ್ದರೆ ಸ್ವಲ್ಪ ಉಪಯೋಗ ಅಂತ ಯೂಟ್ಯೂಬ್‌ನವರೇ ಸಹಾಯ ಪುಟದಲ್ಲಿ ಬರೆದಿದ್ದಾರೆ. ವಿವರಣೆಯಲ್ಲಿ ಟ್ಯಾಗ್ ರಾಶಿ ಸುರಿಯುವುದಂತೂ ಅವರ ನಿಯಮಕ್ಕೇ ವಿರುದ್ಧ. ಅದನ್ನ ಮಾಡಬೇಡಿ ಅಕ್ಕಾ, ಶೆಟ್ರು ನೀವೂ ತೆಗೆದುಬಿಡಿ.

ಈಗ ನಿಮ್ಮ ನೋಟ್‌ಬುಕ್ ವಿಷಯ. ಎಲ್ಲ ಒಂದೇ ಥರ ಕಾಣುತ್ತದೆ ಅಂದಿರಲ್ಲ, ಇಡೀ ಟೈಟಲ್ ಓದಿದರೆ ಹಾಗೇ ಕಾಣುತ್ತದೆ. ಅದನ್ನ ಬಟ್ಟೆ ಕತ್ತರಿಸಿದ ಹಾಗೆ ತುಂಡು ಮಾಡಿ. ಬ್ಲೌಸ್ ಯಾವ ಬಗೆ, ಸೈಜ್ ಎಷ್ಟು, ಯಾರಿಗೆ, ಯಾವ ವಿಧಾನ, ಯಾವ ಭಾಷೆ, ಯಾವ ತೊಂದರೆಗೆ ಉತ್ತರ. ಒಂದೊಂದಕ್ಕೆ ಒಂದು ಕಾಲಂ. ಹೀಗೆ ಹಾಕಿದರೆ ಯಾವ ಕಾಲಂ ತುಂಬಿದೆ, ಯಾವುದು ಬರೀ ಖಾಲಿ ಅಂತ ಕಣ್ಣಿಗೆ ಬೀಳುತ್ತದೆ. ಖಾಲಿ ಕಂಡ ತಕ್ಷಣ ಅಲ್ಲಿಗೆ ಹಾರಬೇಡಿ. ಖಾಲಿ ಇರುವುದಕ್ಕೆ ಎರಡು ಕಾರಣ ಇರಬಹುದು, ಯಾರೂ ಮಾಡಿಲ್ಲ, ಇಲ್ಲವೇ ಯಾರೂ ಕೇಳಿಲ್ಲ. ನಿಮ್ಮ ಬೋಟ್ ನೆಕ್ ಜಿಪ್ ಯಾವುದು ಅಂತ ಮೊದಲು ನೋಡಬೇಕು.

ಇನ್ನೊಂದು, ಹುಡುಕುವಾಗ ನಿಮ್ಮ ಅಕೌಂಟ್‌ನಿಂದ ಲಾಗೌಟ್ ಆಗಿ, ಇನ್‌ಕಾಗ್ನಿಟೊ ವಿಂಡೋದಲ್ಲಿ ಹುಡುಕಿ. ನೀವು ದಿನಾ ಹೊಲಿಗೆ ವಿಡಿಯೊ ನೋಡುವವರು, ನಿಮಗೆ ಕಾಣುವ ಪಟ್ಟಿ ಹೊಸ ಹುಡುಗಿಗೆ ಕಾಣುವ ಪಟ್ಟಿ ಅಲ್ಲ.

ವಾಸ್ಕೋ ಪಯಣಿಗ

ನನಗೂ ಇದೇ ಸಮಸ್ಯೆ ಅಣ್ಣಾ. ಗೋವಾದಲ್ಲಿ ಇದ್ದೇನೆ, ಮಳೆಗಾಲದ ದೂಧ್‌ಸಾಗರ, ಹಳೇ ಚರ್ಚುಗಳು, ದೋಣಿ ಮೀನುಗಾರಿಕೆ ಇವೆಲ್ಲ ಕನ್ನಡದಲ್ಲಿ ವಿಡಿಯೊ ಮಾಡುತ್ತೇನೆ. ಹೋದ ತಿಂಗಳಿಂದ ವ್ಯೂಸ್ ಅರ್ಧಕ್ಕೆ ಇಳಿದಿದೆ. ಗೋವಾ ಬಗ್ಗೆ ಕನ್ನಡದಲ್ಲಿ ಮಾಡುವ ಬೇರೆಯವರ ಟೈಟಲ್ ಎಲ್ಲ ನೋಡಿದೆ, ಅವರು ಬಿಟ್ಟ ಪದ ಹಾಕಿದೆ, ಏನೂ ಏರಲಿಲ್ಲ. ಥಂಬ್‌ನೇಲ್ ಬದಲಿಸಬೇಕಾ?

ಪುಣೆ ಪುಟ್ಟಣ್ಣ

ಪಯಣಿಗರೇ, ಯೂಟ್ಯೂಬ್ ಸ್ಟುಡಿಯೋದಲ್ಲಿ ಅನಾಲಿಟಿಕ್ಸ್ ತೆಗೆದು ವೀಕ್ಷಣೆ ಎಲ್ಲಿಂದ ಬರುತ್ತಿದೆ ಅಂತ ನೋಡಿ ಹೇಳಿ. ಯೂಟ್ಯೂಬ್ ಸರ್ಚ್ ಅಂತ ಇರುವುದು ಎಷ್ಟು ಶೇಕಡಾ?

ವಾಸ್ಕೋ ಪಯಣಿಗ

6. ಉಳಿದದ್ದು ಹೋಮ್ ಮತ್ತು ಸಜೆಸ್ಟೆಡ್.

ಪುಣೆ ಪುಟ್ಟಣ್ಣ

ಹಾಗಾದರೆ ನಿಮ್ಮ ರೋಗಕ್ಕೆ ಈ ಮದ್ದು ಅಲ್ಲ. ಪ್ರವಾಸದ ವಿಡಿಯೊವನ್ನ ಜನ ಹುಡುಕಿ ನೋಡುವುದು ಕಡಿಮೆ, ಕಣ್ಣೆದುರು ಬಂದಾಗ ಒತ್ತುತ್ತಾರೆ. ಟೈಟಲ್‌ನಲ್ಲಿ ಪದ ಸೇರಿಸಿದರೆ ಆ 6ರಲ್ಲಿ ಏನೋ ಸ್ವಲ್ಪ ಆಡಬಹುದು. ಉಳಿದ 94ಕ್ಕೆ ಬೇರೆ ಥ್ರೆಡ್ ಹಾಕಿ, ಅಲ್ಲಿ ಬರುತ್ತೇನೆ. ಹೊಲಿಗೆ, ಅಡುಗೆ, ಮೊಬೈಲ್ ರಿಪೇರಿ, ಸರ್ಕಾರಿ ಅರ್ಜಿ ತುಂಬುವುದು, ಇಂಥವನ್ನ ಮಾತ್ರ ಜನ ಕೈಯಾರೆ ಟೈಪ್ ಮಾಡಿ ಹುಡುಕುತ್ತಾರೆ. ಟೈಲರಕ್ಕ, ನಿಮ್ಮದು ಎಷ್ಟು?

ಡೊಂಬಿವಲಿ ಟೈಲರಕ್ಕ

ಮಗನ ಕೈಲಿ ತೆಗೆಸಿದೆ. ಸರ್ಚ್‌ನಿಂದ 61. ಇದು ಒಳ್ಳೇದಾ ಕೆಟ್ಟದ್ದಾ?

ಪುಣೆ ಪುಟ್ಟಣ್ಣ

ಈ ಕೆಲಸಕ್ಕೆ ಒಳ್ಳೇದು. ಅಂದರೆ ಬರುವ ಸ್ವಲ್ಪ ಜನ ಹುಡುಕಿಕೊಂಡೇ ಬರುತ್ತಿದ್ದಾರೆ. ಅದೇ ಜಾಗದಲ್ಲಿ ಸರ್ಚ್ ಮೇಲೆ ಒತ್ತಿದರೆ ಅವರು ಟೈಪ್ ಮಾಡಿದ ಪದಗಳ ಪಟ್ಟಿ ಬರುತ್ತದೆ, ಅದನ್ನ ಬರೆದುಕೊಳ್ಳಿ, ಬಂಗಾರ ಅದು. ಎದುರಾಳಿಗಳ ಪಟ್ಟಿ ನಿಮಗೆ ಕಾಣುವುದಿಲ್ಲ, ಅವರಿಗೆ ನಿಮ್ಮದು ಕಾಣುವುದಿಲ್ಲ.

ಹಿಂಜೆವಾಡಿ ಕಾಕಾ

ಕೈಯಲ್ಲಿ ಯಾಕೆ ಬರೆಯುತ್ತೀರಿ ಮಾರಾಯರೇ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್‌ನಿಂದ ವಿಡಿಯೊ, ಮಾಹಿತಿ ಇಳಿಸುವ yt-dlp ಅನ್ನುವ ಪ್ರೋಗ್ರಾಂ ಇದ್ದರೆ ಒಂದೇ ಸಾಲು.

```
yt-dlp "ytsearch20:blouse cutting in kannada" --skip-download --write-description --print-to-file "%(view_count)s | %(upload_date)s | %(title)s" list.txt
```

ಮೊದಲ 20 ವಿಡಿಯೊಗಳ ವೀಕ್ಷಣೆ, ಹಾಕಿದ ದಿನ, ಟೈಟಲ್ list.txt ಒಳಗೆ ಬಂದು ಕೂರುತ್ತದೆ. ವಿವರಣೆ ಒಂದೊಂದೂ ಬೇರೆ ಫೈಲ್ ಆಗಿ ಬರುತ್ತದೆ. ವಿಡಿಯೊ ಡೌನ್‌ಲೋಡ್ ಆಗುವುದಿಲ್ಲ.

ಪುಣೆ ಪುಟ್ಟಣ್ಣ

ಕಾಕಾ, ನಿಮಗೆ ಸರಿ, ಅಕ್ಕನಿಗೆ ಬೇಡ. ಒಂದು, ಹೀಗೆ ಯಂತ್ರದಿಂದ ಎಳೆಯುವುದು ಯೂಟ್ಯೂಬ್‌ನ ಷರತ್ತಿಗೆ ಒಗ್ಗುವುದಿಲ್ಲ. ಎರಡು, ಇದರಲ್ಲಿ ಬರುವ ಕ್ರಮ ಫೋನಿನಲ್ಲಿ ಕಾಣುವ ಕ್ರಮಕ್ಕೆ ಪೂರ್ತಿ ಹೊಂದುವುದಿಲ್ಲ. ಮೂರನೆಯದೇ ಮುಖ್ಯ. ಐದು ಪದಗುಚ್ಛ, ಒಂದೊಂದಕ್ಕೆ ಮೊದಲ ಹತ್ತು ವಿಡಿಯೊ, ಇಷ್ಟು ಕೈಯಲ್ಲಿ ಬರೆಯಲು ಒಂದು ಗಂಟೆ ಸಾಕು, ಬರೆಯುತ್ತಾ ಇದ್ದರೆ ತಲೆಗೆ ಹೋಗುತ್ತದೆ. 200 ಸಾಲಿನ ಫೈಲ್ ತೆರೆದು ನೋಡಿ ಮುಚ್ಚುವವರೇ ಜಾಸ್ತಿ.

ಹಿಂಜೆವಾಡಿ ಕಾಕಾ

ಮುಚ್ಚುವವರಲ್ಲಿ ನಾನೂ ಒಬ್ಬ, ಒಪ್ಪಿದೆ 😄

ಡೊಂಬಿವಲಿ ಟೈಲರಕ್ಕ

ಎರಡು ದಿನ ತಡವಾಯಿತು, ಗಣಪತಿ ಹಬ್ಬದ ಬ್ಲೌಸ್ ಕೆಲಸ. ಹೇಳಿದ ಹಾಗೆ ಮಾಡಿದೆ. "blouse cutting in kannada", "ಬ್ಲೌಸ್ ಕಟಿಂಗ್", "katori blouse kannada", "lining blouse stitching kannada", "blouse fitting problem kannada", ಈ ಐದು ಹುಡುಕಿದೆ. ಕೆಲವು ವಿಡಿಯೊ ಎರಡು ಮೂರು ಕಡೆ ಬಂದವು, ಅದನ್ನ ಒಂದೇ ಸಲ ಬರೆದೆ. ಕೊನೆಗೆ 37 ಉಳಿದವು.

ಕಾಲಂ ಹಾಕಿದ ಮೇಲೆ ಕಂಡದ್ದು ಇದು. ಬಗೆಯ ಕಾಲಂ ಗಿಜಿಗಿಜಿ. ಕಟೋರಿ, ಪ್ರಿನ್ಸೆಸ್ ಕಟ್, ಕ್ರಾಸ್ ಕಟ್, ಪ್ಲೇನ್, ಲೈನಿಂಗ್, ಎಲ್ಲ ಇವೆ. ಸೈಜ್‌ನಲ್ಲಿ 34, 36, 38 ತುಂಬಾ. 42, 44 ಎರಡೇ ಎರಡು. "ಬಿಗಿನರ್ಸ್", "ಸುಲಭ ವಿಧಾನ" ಅರ್ಧಕ್ಕರ್ಧ ಟೈಟಲ್‌ನಲ್ಲಿ. ತೊಂದರೆ ಅಂತ ನೀವು ಹೇಳಿದ ಕಾಲಂನಲ್ಲಿ 37ರಲ್ಲಿ ನಾಲ್ಕೇ. ಅದರಲ್ಲೂ ಮೂರರಲ್ಲಿ ಬರೀ "ಫಿಟ್ಟಿಂಗ್ ಪ್ರಾಬ್ಲಮ್" ಅಂತ ಇದೆ, ಯಾವ ಪ್ರಾಬ್ಲಮ್ ಅಂತ ಹೇಳಿಲ್ಲ.

ವಿವರಣೆಗಳಂತೂ ನಗು ಬರುತ್ತದೆ. ಒಬ್ಬರು ಎಲ್ಲ ವಿಡಿಯೊಗೂ ಒಂದೇ ವಿವರಣೆ ಅಂಟಿಸಿದ್ದಾರೆ, ಕಟೋರಿ ಬ್ಲೌಸ್ ವಿಡಿಯೊ ಕೆಳಗೆ ಚೂಡಿದಾರ್ ಬಗ್ಗೆ ಬರೆದಿದೆ. ಇನ್ನೊಬ್ಬರದ್ದು ಪೂರ್ತಿ ಮೆಷಿನ್ ಖರೀದಿ ಲಿಂಕ್.

ಪುಣೆ ಪುಟ್ಟಣ್ಣ

ಅಕ್ಕಾ ಇದು ಒಳ್ಳೇ ಕೆಲಸ. ಆ ಅಂಟಿಸಿದ ವಿವರಣೆಗಳನ್ನ ಗುರುತು ಮಾಡಿಟ್ಟುಕೊಳ್ಳಿ. ಕಂಪ್ಯೂಟರ್‌ನಲ್ಲಿ ಹುಡುಕಿದರೆ ಟೈಟಲ್ ಕೆಳಗೆ ವಿವರಣೆಯ ಒಂದು ತುಣುಕು ಕಾಣುತ್ತದೆ ಅಲ್ವಾ, ಅಲ್ಲಿ ಅವರದ್ದು ಮೆಷಿನ್ ಲಿಂಕ್ ಕಂಡರೆ ನಿಮ್ಮದು ವಿಡಿಯೊದಲ್ಲಿ ಏನಿದೆ ಅಂತ ಹೇಳುವ ಹಾಗಿರಬೇಕು. ಮೊದಲ ಎರಡು ಸಾಲಲ್ಲೇ ವಿಷಯ, ಸಬ್‌ಸ್ಕ್ರೈಬ್ ಮಾಡಿ ಅನ್ನುವುದು ಕೆಳಗೆ.

ತೊಂದರೆ ಕಾಲಂ ಖಾಲಿ ಇದೆ ಅಂದಿರಿ. ಈಗ ಜನ ಅದನ್ನ ಕೇಳುತ್ತಿದ್ದಾರಾ ಅಂತ ನೋಡಬೇಕು. ಸರ್ಚ್ ಪೆಟ್ಟಿಗೆಯಲ್ಲಿ blouse shoulder ಅಂತ ಟೈಪ್ ಮಾಡಿ ಸುಮ್ನೆ ಬಿಡಿ, ಎಂಟರ್ ಒತ್ತಬೇಡಿ. ಕೆಳಗೆ ಏನು ಬೀಳುತ್ತದೆ ಬರೆಯಿರಿ. ಆಮೇಲೆ ಕನ್ನಡ ಲಿಪಿಯಲ್ಲಿ ಅದೇ ಮಾಡಿ. ಎರಡೂ ಪಟ್ಟಿ ಬೇರೆ ಬರುತ್ತದೆ. ಬೋಟ್ ನೆಕ್ ಜಿಪ್‌ಗೂ ಹೀಗೇ.

ನಿಮ್ಮ ಅಂಗಡಿಗೆ ಬರುವವರು ಏನು ದೂರುತ್ತಾರೆ, ಅದನ್ನೂ ಹೇಳಿ. ಅವರ ಬಾಯಿಮಾತಿನಲ್ಲೇ.

ಡೊಂಬಿವಲಿ ಟೈಲರಕ್ಕ

ದೂರು ಕೇಳಬೇಡಿ, ಮೂರು ಗಂಟೆ ಹೇಳಬಹುದು. ಜಾಸ್ತಿ ಬರುವುದು "ಭುಜ ಜಾರುತ್ತೆ ಅಕ್ಕಾ". ಆಮೇಲೆ "ಕಂಕುಳ ಹತ್ತಿರ ಸುಕ್ಕು". ಆಮೇಲೆ "ಹಿಂದೆ ಎತ್ತಿಕೊಳ್ಳುತ್ತೆ".

ಭುಜ ಜಾರುವುದಕ್ಕೆ ಕಾರಣ ಹೆಚ್ಚಿನ ಸಲ ಒಂದೇ. ಹಿಂದಿನ ಕುತ್ತಿಗೆ ಒಂಬತ್ತು ಇಂಚು ಇಳಿಸಿ ಅಂತಾರೆ, ನಾವು ಭುಜದ ಅಳತೆ ಮಾತ್ರ ಚಿಕ್ಕ ಕುತ್ತಿಗೆಗೆ ಹಿಡಿದಷ್ಟೇ ಪೂರ್ತಿ ಹಿಡಿಯುತ್ತೇವೆ. ಆಳ ಹೆಚ್ಚಾದಾಗ ಭುಜ ಎರಡೂ ಕಡೆ ಕಾಲು ಇಂಚಿನಿಂದ ಅರ್ಧ ಇಂಚು ಒಳಗೆ ಬರಬೇಕು, ಇಲ್ಲದಿದ್ದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಜಾರುತ್ತದೆ. ಹೊಲಿದಾದ ಮೇಲೆ ಗೊತ್ತಾದರೆ ಹಿಂದೆ ಡೋರಿ ಕಟ್ಟಿಸಿ ಬದುಕಿಕೊಳ್ಳಬೇಕು. ಇದನ್ನ ನಾನು ಭಾಗ 17ರಲ್ಲಿ ಹೇಳಿದ್ದೇನೆ, ಒಂಬತ್ತನೇ ನಿಮಿಷಕ್ಕೆ. ಟೈಟಲ್‌ನಲ್ಲಿ ಇಲ್ಲ, ವಿವರಣೆಯಲ್ಲೂ ಇಲ್ಲ. ಅಯ್ಯೋ, ಬರೆಯುವಾಗ ಈಗ ಹೊಳೆಯಿತು.

ಪೆಟ್ಟಿಗೆ ನೋಡಿದೆ. blouse shoulder ಅಂದರೆ ಜಾರುವುದಕ್ಕೆ ಸಂಬಂಧಪಟ್ಟ ಮೂರು ನಾಲ್ಕು ಸಾಲು ಬಿದ್ದವು. ಬೋಟ್ ನೆಕ್ ಜಿಪ್‌ಗೆ ಕನ್ನಡದಲ್ಲಿ ಏನೂ ಇಲ್ಲ, ಇಂಗ್ಲಿಷ್ ಲಿಪಿಯಲ್ಲಿ ಬರೀ ಬೋಟ್ ನೆಕ್ ಬರುತ್ತದೆ, ಜಿಪ್ ಇಲ್ಲ.

ಪುಣೆ ಪುಟ್ಟಣ್ಣ

ಜಿಪ್ ಬಿಡಿ ಹಾಗಾದರೆ. ಮಾಡಲೇಬಾರದು ಅಂತಲ್ಲ, ಮಾಡಿದರೂ ಸರ್ಚ್‌ನಿಂದ ಬರುತ್ತಾರೆ ಅಂತ ಕಾಯಬೇಡಿ.

ಘಾಟ್ಕೋಪರ್ ಅತ್ತಿಗೆ

ನಾನು ವಿಡಿಯೊ ಮಾಡುವವಳಲ್ಲ, ನೋಡಿ ಕಲಿಯುವವಳು. ಒಂದು ಮಾತು ಹೇಳಲಾ? ನಾನು ಟೈಪೇ ಮಾಡುವುದಿಲ್ಲ. ಕೈಯಲ್ಲಿ ಬಟ್ಟೆ ಇರುತ್ತದೆ, ಮೈಕ್ ಒತ್ತಿ ಹೇಳುತ್ತೇನೆ. "ಬ್ಲೌಸ್ ಭುಜ ಜಾರಿದರೆ ಏನು ಮಾಡಬೇಕು" ಅಂತಲೇ ಹೇಳುವುದು. ನನ್ನ ಫೋನ್ ಕನ್ನಡದಲ್ಲಿದೆ, ಅದು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತದೆ. ಮಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ blouse shoulder loose ಅಂತ ಹೊಡೆಯುತ್ತಾಳೆ. ಒಂದೇ ಮನೆ, ಒಂದೇ ಬ್ಲೌಸ್, ಎರಡು ಥರ.

ಸಾಂತಾಕ್ರೂಜ್ ಶೆಟ್ರು

ನೋಡಿದಿರಾ, ಅದಕ್ಕೇ ನಾನು ಎರಡೂ ಲಿಪಿ ಅಂದದ್ದು.

ಪುಣೆ ಪುಟ್ಟಣ್ಣ

ಹೌದು ಶೆಟ್ರೇ, ಅದು ನಿಮ್ಮದೇ ಗೆಲುವು. ಆದರೆ ಜಾಗ ಕಡಿಮೆ. ಟೈಟಲ್‌ಗೆ 100 ಅಕ್ಷರ ಮಿತಿ, ಕನ್ನಡದಲ್ಲಿ ಅದು ಬೇಗ ಮುಗಿಯುತ್ತದೆ. "ಬ್ಲೌಸ್" ನಮ್ಮ ಕಣ್ಣಿಗೆ ಎರಡೇ ಅಕ್ಷರ, ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕವಾಗಿ ಅದಕ್ಕೆ 6 ಹೋಗುತ್ತದೆ. ಫೋನಿನಲ್ಲಿ ಎರಡು ಸಾಲಿಗಿಂತ ಜಾಸ್ತಿ ಕಾಣುವುದೂ ಇಲ್ಲ. ಅದಕ್ಕೆ ಮೊದಲರ್ಧದಲ್ಲಿ ಒಂದು ಲಿಪಿ, ಎರಡನೇ ಅರ್ಧದಲ್ಲಿ ಇನ್ನೊಂದು, ಒಂದೇ ಮಾತನ್ನ ಎರಡು ಸಲ ಪೂರ್ತಿ ಹೇಳಲು ಹೋಗಬೇಡಿ. ಬಾಕಿ ಉಳಿದ ಮಾತುಗಳು ವಿವರಣೆಗೆ, ವಾಕ್ಯದ ರೂಪದಲ್ಲಿ. ಅತ್ತಿಗೆ ಹೇಳಿದ ಆ ಪ್ರಶ್ನೆಯನ್ನೇ ವಿವರಣೆಯ ಮೊದಲ ಸಾಲು ಮಾಡಬಹುದು.

ಯಾವ ಲಿಪಿ ಮುಂದೆ ಬರಬೇಕು ಅನ್ನುವುದಕ್ಕೆ ನನ್ನ ಹತ್ತಿರ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಅಕ್ಕನ ಸರ್ಚ್ ಪದಗಳ ಪಟ್ಟಿ ನೋಡಿ ತೀರ್ಮಾನ ಮಾಡಬೇಕು.

ಡೊಂಬಿವಲಿ ಟೈಲರಕ್ಕ

ನನ್ನ ಪಟ್ಟಿಯಲ್ಲಿ ಮೊದಲ ಇಪ್ಪತ್ತರಲ್ಲಿ 13 ಇಂಗ್ಲಿಷ್ ಲಿಪಿ, 7 ಕನ್ನಡ.

ಇನ್ನೊಂದು ಕೇಳಬೇಕಿತ್ತು. "ಕಂಕುಳ ಸುಕ್ಕು" ಅಂತ ಹುಡುಕಿದೆ, ಕನ್ನಡದ ಹೊಲಿಗೆ ವಿಡಿಯೊ ಒಂದೂ ಬರಲಿಲ್ಲ. ಏನೋ ಮುಖದ ಕ್ರೀಮ್ ಬಂತು. ಇದೂ ನನ್ನದೇ ಜಾಗ ಅಲ್ವಾ? ಮುಂದಿನ ವಾರ ಇದನ್ನೇ ಮಾಡೋಣ ಅಂತ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ.

ಘಾಟ್ಕೋಪರ್ ಅತ್ತಿಗೆ

ಅಕ್ಕಾ, ಅದನ್ನ ನಾನು ಕಲಿತದ್ದೇ ಯೂಟ್ಯೂಬ್‌ನಲ್ಲಿ, ಕನ್ನಡದಲ್ಲೇ! "ಆರ್ಮ್‌ಹೋಲ್ ಫೋಲ್ಡ್ ಬರದ ಹಾಗೆ" ಅಂತ ಇತ್ತು ಟೈಟಲ್. ಇನ್ನೊಬ್ಬರು "ಮುಂದೆ ರಿಂಕಲ್ಸ್" ಅಂತ ಹಾಕಿದ್ದರು.

ಡೊಂಬಿವಲಿ ಟೈಲರಕ್ಕ

ಈಗ ಹುಡುಕಿದೆ. ಐದು ಇವೆ. ಒಂದಂತೂ ತುಂಬಾ ಚೆನ್ನಾಗಿದೆ, ನನಗಿಂತ ಚೆನ್ನಾಗಿ ತೋರಿಸಿದ್ದಾರೆ. ಬಟ್ಟೆ ಕತ್ತರಿಸಿ ಆಗಿದೆಯಲ್ಲ, ನನಗೇ ಹೊಲಿದುಕೊಳ್ಳುತ್ತೇನೆ ಬಿಡಿ.

ಪುಣೆ ಪುಟ್ಟಣ್ಣ

ಇದರಲ್ಲೇ ಜಾಸ್ತಿ ಜನ ಬೀಳುತ್ತಾರೆ, ನಾನೂ ಬಿದ್ದಿದ್ದೇನೆ. ಪದ ಖಾಲಿ ಇತ್ತು, ವಿಷಯ ಖಾಲಿ ಇರಲಿಲ್ಲ. ಒಂದು ಜಾಗ ಖಾಲಿ ಅನ್ನುವ ಮೊದಲು ಅದೇ ಮಾತನ್ನ ನಾಲ್ಕು ಥರ ಹೇಳಿ ಹುಡುಕಬೇಕು, ಊರಿನ ಮಾತು, ಟೈಲರ್ ಮಾತು, ಇಂಗ್ಲಿಷ್, ಕಂಗ್ಲಿಷ್. ಎದುರಾಳಿ ವಿಡಿಯೊಗಳ ಕಾಮೆಂಟ್ ಓದಿದರೂ ಈ ಬೇರೆ ಬೇರೆ ಹೆಸರು ಸಿಗುತ್ತವೆ. ಟೈಟಲ್ ಬರೆಯುವವರು ಟೈಲರ್ ಮಾತಾಡುತ್ತಾರೆ, ಕೆಳಗೆ ಕೇಳುವವರು ಊರಿನ ಮಾತಾಡುತ್ತಾರೆ.

ಆದರೂ "ಕಂಕುಳ ಸುಕ್ಕು" ಅನ್ನುವುದು ಪೂರ್ತಿ ದಂಡ ಅಲ್ಲ. ಅತ್ತಿಗೆಯ ಹಾಗೆ ಮೈಕ್‌ನಲ್ಲಿ ಕೇಳುವವರಿಗೆ ಆ ಐದರಲ್ಲಿ ಒಂದೂ ಸಿಗುತ್ತಿಲ್ಲ, ಕ್ರೀಮ್ ಸಿಗುತ್ತಿದೆ. ಎಷ್ಟು ಜನ ಹಾಗೆ ಕೇಳುತ್ತಾರೆ ಅನ್ನುವುದು ಬೇರೆ ಮಾತು. ಹೊಸದಾಗಿ ಮಾಡಬೇಡಿ, ನಿಮ್ಮ ಹಳೇ ವಿಡಿಯೊ ಯಾವುದರಲ್ಲಾದರೂ ಆ ವಿಷಯ ಇದ್ದರೆ ವಿವರಣೆಯಲ್ಲಿ ಒಂದು ಸಾಲು ಸೇರಿಸಿ ನೋಡಿ, ಖರ್ಚಿಲ್ಲ.

ಹಿಂಜೆವಾಡಿ ಕಾಕಾ

ಒಂದು ಸಂಶಯ. ಮೇಲಿರುವ ವಿಡಿಯೊಗೆ ಲಕ್ಷಗಟ್ಟಲೆ ವ್ಯೂಸ್ ಇರುತ್ತದೆ. ಅವರು ನಾಳೆ ಟೈಟಲ್ ಬದಲಿಸಿ "ಭುಜ ಜಾರಿದರೆ" ಅಂತ ಹಾಕಿದರೆ ಅಕ್ಕನ ಕಥೆ ಮುಗಿಯಿತಲ್ಲ?

ಪುಣೆ ಪುಟ್ಟಣ್ಣ

ಹಾಕಬಹುದು. ಆದರೆ ಚೆನ್ನಾಗಿ ಓಡುತ್ತಿರುವ ವಿಡಿಯೊದ ಟೈಟಲ್ ಮುಟ್ಟಲು ಎಲ್ಲರಿಗೂ ಭಯ. ಬರೀ ಪದ ಹೊಂದಿದರೆ ಸಾಲದು ಕೂಡ. ಆ ಪದಕ್ಕೆ ಬಂದವರು ಎಷ್ಟು ಹೊತ್ತು ನೋಡಿದರು ಅನ್ನುವುದನ್ನೂ ಯೂಟ್ಯೂಬ್ ಗಮನಿಸುತ್ತದೆ. 25 ನಿಮಿಷದ "ಬ್ಲೌಸ್ ಕಟಿಂಗ್ ಪೂರ್ತಿ" ವಿಡಿಯೊಗೆ ಭುಜದ ಟೈಟಲ್ ಹಾಕಿದರೆ ಜನ ಬಂದು ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಇನ್ನೊಂದು, ವಿಡಿಯೊ ಹಾಕಿದ ದಿನವನ್ನೂ ಬರೆದುಕೊಳ್ಳಿ ಅಂತ ಹೇಳಲು ಮರೆತೆ. ಐದಾರು ವರ್ಷ ಹಳೆಯ ವಿಡಿಯೊ ಇನ್ನೂ ಮೇಲಿದೆ, ಟೈಟಲ್ ಆ ವಿಷಯವನ್ನ ಸೀದಾ ಹೇಳುತ್ತಿಲ್ಲ ಅಂದರೆ, ಅಲ್ಲಿ ಯೂಟ್ಯೂಬ್‌ಗೇ ಸರಿಯಾದದ್ದು ಸಿಕ್ಕಿಲ್ಲ ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಇದು ನನ್ನ ಅಂದಾಜು, ಪ್ರತಿ ಸಲ ನಿಜ ಆಗಿಲ್ಲ.

ಟೈಲರಕ್ಕ, ನಿಮ್ಮ ಭಾಗ 17ಕ್ಕೂ ಇದೇ ಮಾತು. ಒಂಬತ್ತನೇ ನಿಮಿಷದಲ್ಲಿರುವ ಉತ್ತರಕ್ಕೆ ಟೈಟಲ್ ಬದಲಿಸಬೇಡಿ. ಅದಕ್ಕೆ ಚಾಪ್ಟರ್ ಮಾತ್ರ ಹಾಕಿ. ವಿವರಣೆಯಲ್ಲಿ 00:00 ಇಂದ ಶುರು ಮಾಡಿ ಕನಿಷ್ಠ ಮೂರು ಸಮಯ ಬರೆಯಬೇಕು, ಒಂದೊಂದು ತುಂಡು 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಭುಜಕ್ಕೆ ಬೇರೆಯಾಗಿ ನಾಲ್ಕೈದು ನಿಮಿಷದ ಹೊಸ ವಿಡಿಯೊ ಮಾಡಿ, ಮೊದಲ ವಾಕ್ಯದಲ್ಲೇ ಜಾರುವ ಬ್ಲೌಸ್ ತೋರಿಸಿ.

ಡೊಂಬಿವಲಿ ಟೈಲರಕ್ಕ

ಟೈಟಲ್ ಹೀಗಿದ್ದರೆ?

"Blouse shoulder ಜಾರುತ್ತಾ? Deep neck ಬ್ಲೌಸ್ ಭುಜ ಸರಿ ಮಾಡುವುದು | Kannada"

ವಿವರಣೆ ಮೊದಲ ಸಾಲು: "ಹಿಂದಿನ ಕುತ್ತಿಗೆ ಆಳ ಇಟ್ಟಾಗ ಬ್ಲೌಸ್ ಭುಜ ಜಾರಿದರೆ ಏನು ಮಾಡಬೇಕು, ಕತ್ತರಿಸುವ ಮೊದಲು ಅಳತೆ ಎಷ್ಟು ಕಡಿಮೆ ಹಿಡಿಯಬೇಕು, ಹೊಲಿದ ಮೇಲೆ ಹೇಗೆ ಸರಿ ಮಾಡಬೇಕು, ಮೂರೂ ತೋರಿಸಿದ್ದೇನೆ."

ಪುಣೆ ಪುಟ್ಟಣ್ಣ

ಚೆನ್ನಾಗಿದೆ. ಹಾಕಿದ ದಿನ ಬರೆದಿಟ್ಟುಕೊಳ್ಳಿ, 28 ದಿನ ಏನೂ ಮುಟ್ಟಬೇಡಿ. ದಿನಾ ತೆಗೆದು ನೋಡಿದರೆ ರಕ್ತದೊತ್ತಡ ಏರುವುದೇ ಲಾಭ.

ಸಾಂತಾಕ್ರೂಜ್ ಶೆಟ್ರು

ನನ್ನದೊಂದು ಸಲಹೆ. ಡೊಂಬಿವಲಿಯಲ್ಲಿ ನಿಮ್ಮ ಗಿರಾಕಿ ಅರ್ಧ ಮರಾಠಿಯವರೇ ಅಲ್ವಾ. ಸ್ಟುಡಿಯೋದಲ್ಲಿ ಒಂದೇ ವಿಡಿಯೊಗೆ ಬೇರೆ ಭಾಷೆಯ ಟೈಟಲ್, ವಿವರಣೆ ಸೇರಿಸಬಹುದು. ಮರಾಠಿ ಹಾಕಿ. ಕೈ ನೋಡಿ ಹೊಲಿಗೆ ಕಲಿಯಲು ಭಾಷೆ ಏಕೆ ಬೇಕು.

ಪುಣೆ ಪುಟ್ಟಣ್ಣ

ನನಗೆ ಸರಿ ಅನಿಸುವುದಿಲ್ಲ. ಟೈಟಲ್ ಮರಾಠಿ, ಒಳಗೆ ಮಾತು ಕನ್ನಡ. ಬಂದವರು ಕ್ಷಣದಲ್ಲಿ ಹೋಗುತ್ತಾರೆ. ಮರಾಠಿಯಲ್ಲಿ ಹೊಲಿಗೆ ವಿಡಿಯೊ ಏನು ಕಡಿಮೆಯೇ? ಅಲ್ಲಿ ನಿಮಗೆ ಎದುರಾಳಿಗಳೇ ಬೇರೆ, ಪಟ್ಟಿ ಮತ್ತೆ ಮೊದಲಿಂದ ಮಾಡಬೇಕು.

ಸಾಂತಾಕ್ರೂಜ್ ಶೆಟ್ರು

ನಮ್ಮ ನೀರುದೋಸೆ ವಿಡಿಯೊಗೆ ಮರಾಠಿ ಕಾಮೆಂಟ್ ಎಷ್ಟು ಬರುತ್ತದೆ ಗೊತ್ತಾ. ದೋಸೆಗೆ ಭಾಷೆ ಬೇಕಿಲ್ಲ.

ಘಾಟ್ಕೋಪರ್ ಅತ್ತಿಗೆ

ದೋಸೆ ಸರಿ ಶೆಟ್ರೇ. ಅರ್ಧ ಇಂಚು ಎಲ್ಲಿಂದ ಅಳೆಯಬೇಕು ಅನ್ನುವುದು ಮಾತಿಲ್ಲದೆ ತಿಳಿಯುವುದಿಲ್ಲ. ನಾನು ತಮಿಳು ವಿಡಿಯೊ ನೋಡಿ ಒಂದು ಬ್ಲೌಸ್ ಹಾಳು ಮಾಡಿದ್ದೇನೆ.

ಡೊಂಬಿವಲಿ ಟೈಲರಕ್ಕ

ಇವತ್ತಿಗೆ 30 ದಿನ. ವರದಿ ಒಪ್ಪಿಸುತ್ತೇನೆ.

ಭುಜದ ವಿಡಿಯೊ 640 ವ್ಯೂಸ್. ನನ್ನ ಲೆಕ್ಕಕ್ಕೆ ಜಾಸ್ತಿಯೇ, ಭಾಗ 17 ಇಷ್ಟು ಕಾಲದಲ್ಲಿ 310 ಆಗಿತ್ತು. 640ರಲ್ಲಿ ಸರ್ಚ್‌ನಿಂದ 470. ಹುಡುಕಿದ ಪದಗಳಲ್ಲಿ ಇಂಗ್ಲಿಷ್ ಲಿಪಿಯವೇ ಮೇಲೆ, ಕನ್ನಡ ಲಿಪಿಯಲ್ಲಿ "ಬ್ಲೌಸ್ ಭುಜ" ಇದೆ. "blouse cutting in kannada" ಅಂತ ಹುಡುಕಿದರೆ ನಾನು ಈಗಲೂ ಎಲ್ಲೂ ಇಲ್ಲ, ಇಪ್ಪತ್ತೈದರವರೆಗೆ ಉರುಳಿಸಿ ನೋಡಿದೆ.

42, 44 ಸೈಜ್ ಖಾಲಿ ಇತ್ತಲ್ಲ, ಅದಕ್ಕೆ ಒಂದು ಹಳೇ ವಿಡಿಯೊದ ಟೈಟಲ್ ಬದಲಿಸಿದ್ದೆ, ಒಳಗೆ 42ರದ್ದೇ ಕಟಿಂಗ್ ಇತ್ತು. ಅದು ವಿಚಿತ್ರವಾಗಿದೆ. ಇಂಪ್ರೆಶನ್ ಅಂತಾರಲ್ಲ, ಕಣ್ಣಿಗೆ ಬಿದ್ದದ್ದು, ಅದು ಮೂರು ಪಟ್ಟು ಆಗಿದೆ. ಒತ್ತಿದವರು ಮಾತ್ರ ಅಷ್ಟು ಹೆಚ್ಚಿಲ್ಲ. ಕಣ್ಣಿಗೆ ಬಿದ್ದದ್ದರಲ್ಲಿ ಒತ್ತಿದ್ದು 5.1 ಇದ್ದದ್ದು 2.4 ಶೇಕಡಾಕ್ಕೆ ಬಂದಿದೆ.

ಪುಣೆ ಪುಟ್ಟಣ್ಣ

ಪದ ಹೊಂದಿದೆ, ಅದಕ್ಕೆ ತೋರಿಸುತ್ತಿದೆ. ಜನ ಒತ್ತುತ್ತಿಲ್ಲ ಅಂದರೆ ಪಕ್ಕದ್ದನ್ನ ಒತ್ತುತ್ತಿದ್ದಾರೆ. ಥಂಬ್‌ನೇಲ್‌ನಲ್ಲಿ ಏನಿದೆ?

ಡೊಂಬಿವಲಿ ಟೈಲರಕ್ಕ

ಹಳೆಯದೇ. ತೆಳ್ಳಗಿನ ಮಾಡೆಲ್ ಫೋಟೋ, ಮೇಲೆ "ಭಾಗ 22".

ಘಾಟ್ಕೋಪರ್ ಅತ್ತಿಗೆ

ನನ್ನದು 44 ಅಕ್ಕಾ. ಆ ಫೋಟೋ ಕಂಡರೆ ನಾನೂ ಒತ್ತುವುದಿಲ್ಲ.

ಡೊಂಬಿವಲಿ ಟೈಲರಕ್ಕ

ಅಯ್ಯೋ ಹೌದಲ್ಲ! ಇವತ್ತೇ ತೆಗೆಯುತ್ತೇನೆ. ನನ್ನದೇ ಬ್ಲೌಸ್ ಟೇಪ್ ಜೊತೆ ಇಟ್ಟು ಫೋಟೋ ತೆಗೆಯಲು ಮಗನಿಗೆ ಹೇಳಿದ್ದೇನೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ, ಶೆಟ್ರು ಪುಟ್ಟಣ್ಣ ಇಬ್ಬರೂ ನೋಡಿ. ಭುಜದ ವಿಡಿಯೊದ ಸರ್ಚ್ ಪದಗಳ ಪಟ್ಟಿಯ ಕೊನೆಕೊನೆಗೆ blouse cha khanda utarto, ಅಂದರೆ ಬ್ಲೌಸ್ ಭುಜ ಜಾರುತ್ತೆ, ಅಂತ ಇದೆ. ನಾಲ್ಕು ವ್ಯೂಸ್. ನಾನು ಮರಾಠಿಯಲ್ಲಿ ಒಂದು ಪದವನ್ನೂ ಎಲ್ಲೂ ಹಾಕಿಲ್ಲ.

ಸಾಂತಾಕ್ರೂಜ್ ಶೆಟ್ರು

😎

ಪುಣೆ ಪುಟ್ಟಣ್ಣ

ನಾಲ್ಕು ಜನಕ್ಕೆ ಕುಣಿಯಬೇಡಿ ಶೆಟ್ರೇ. ಅವರು ಎಷ್ಟು ಸೆಕೆಂಡ್ ನೋಡಿದರು ಅಕ್ಕಾ? ಅದೇ ಸಾಲಿನಲ್ಲಿ ಪಕ್ಕಕ್ಕೆ ಸರಾಸರಿ ವೀಕ್ಷಣೆ ಅವಧಿ ಇರುತ್ತದೆ.

ಡೊಂಬಿವಲಿ ಟೈಲರಕ್ಕ

3 ನಿಮಿಷ 10 ಸೆಕೆಂಡ್. ವಿಡಿಯೊ ಇರುವುದೇ 4:40.

ಪುಣೆ ಪುಟ್ಟಣ್ಣ

ಹ್ಮ್. ನಾಲ್ಕೇ ವ್ಯೂಸ್, ಒಬ್ಬರೇ ನಾಲ್ಕು ಸಲ ನೋಡಿರಲೂಬಹುದು. ಇನ್ನೊಂದು ತಿಂಗಳು ಬಿಟ್ಟು ನೋಡೋಣ.

ಸಾಂತಾಕ್ರೂಜ್ ಶೆಟ್ರು

ಅಲ್ಲಿವರೆಗೆ ವಿವರಣೆಯಲ್ಲಿ ಒಂದೇ ಒಂದು ಮರಾಠಿ ಸಾಲು ಹಾಕಿ ಅಕ್ಕಾ, ಪುಟ್ಟಣ್ಣನಿಗೆ ಹೇಳಬೇಡಿ.